ಎಂಜಿನಿಯರಿಂಗ್ ಪದವೀಧರರ ಮುಂದೆ ಹನ್ನೆರಡು ನಿಮಿಷ: ಘಟಿಕೋತ್ಸವ ಭಾಷಣ ಸಿದ್ಧಪಡಿಸುವ ಬಗೆ

ವಿಟಿಯು ಘಟಿಕೋತ್ಸವ ಬೆಳಗಾವಿಯಲ್ಲಿ ನಡೆದರೂ ದಾವಣಗೆರೆ, ಚಿತ್ರದುರ್ಗದ ಎಂಜಿನಿಯರಿಂಗ್ ಕಾಲೇಜುಗಳು ತಮ್ಮ ಅಂಗಳದಲ್ಲೇ ಪದವಿ ಪ್ರದಾನದ ದಿನವನ್ನು ಆಚರಿಸುತ್ತವೆ. ಆ ದಿನ ಮಾತನಾಡಲು ಬರುವವರು ಹೆಚ್ಚಾಗಿ ಊರಿನವರೇ: ನಿವೃತ್ತ ಎಂಜಿನಿಯರ್, ಹಳೆಯ ವಿದ್ಯಾರ್ಥಿ, ಸಣ್ಣ ಕಾರ್ಖಾನೆಯ ಮಾಲೀಕ. ವಿಷಯವೂ ಬಹುತೇಕ ಗೊತ್ತಾದದ್ದೇ, ನಿರಂತರ ಕಲಿಕೆ ಮತ್ತು ವೃತ್ತಿಯ ನೀತಿ. ಮೂವತ್ತೆರಡು ವರ್ಷ ಕಟ್ಟಡ ಕಾಮಗಾರಿಗಳಲ್ಲಿ ದುಡಿದ ನನ್ನನ್ನು ಈವರೆಗೆ ನಾಲ್ಕು ಬಾರಿ ಕರೆದಿದ್ದಾರೆ. ಮೊದಲ ಭಾಷಣ ಸಂಪೂರ್ಣ ಸೋತಿತು. ಪ್ರಾಮಾಣಿಕತೆ, ಪರಿಶ್ರಮ, ದೇಶಸೇವೆ ಎಂದು ಅರ್ಧ ಗಂಟೆ ಮಾತನಾಡಿದೆ. ಎದುರಿಗಿದ್ದ ಇನ್ನೂರು ಮಕ್ಕಳಲ್ಲಿ ಒಬ್ಬರಿಗೂ ಸೋಮವಾರ ಬೆಳಿಗ್ಗೆ ಕೆಲಸದಲ್ಲಿ ಉಪಯೋಗಕ್ಕೆ ಬರುವ ಒಂದು ಮಾತನ್ನೂ ನಾನು ಹೇಳಿರಲಿಲ್ಲ. ಮುಂದಿನ ಮೂರು ಭಾಷಣಗಳಿಗೆ ನಾನು ಸಿದ್ಧತೆ ಮಾಡಿಕೊಂಡ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ. ನಿಮಗೂ ಅಂಥ ಕರೆ ಬಂದಿದ್ದರೆ ಇದು ಕೈಗೆ ಹತ್ತೀತು.

ಮೊದಲು ಐದು ಫೋನ್ ಕರೆ ಮಾಡಿ

ಒಪ್ಪಿಕೊಳ್ಳುವ ಮುನ್ನ ಪ್ರಾಂಶುಪಾಲರನ್ನು ಎರಡು ಸಂಗತಿ ಕೇಳಿ. ನಿಮ್ಮ ಮಾತು ಪದವಿ ಪ್ರದಾನಕ್ಕೆ ಮೊದಲೋ ಆಮೇಲೋ? ಸಭೆಯಲ್ಲಿ ಪೋಷಕರು ಇರುತ್ತಾರೆಯೇ? ಪ್ರಮಾಣಪತ್ರ ಕೈಗೆ ಬಂದ ಮೇಲೆ ಯಾರೂ ಕೂತು ಕೇಳುವುದಿಲ್ಲ, ಫೋಟೊ ತೆಗೆಸಿಕೊಳ್ಳಲು ಏಳುತ್ತಾರೆ. ಅದು ಅವರ ಹಕ್ಕು. ಆದ್ದರಿಂದ ಮೊದಲೇ ಮಾತನಾಡಲು ಅವಕಾಶ ಕೇಳಿಕೊಳ್ಳಿ. ಆಹ್ವಾನ ಪತ್ರಿಕೆಯಲ್ಲಿ ಮೂವತ್ತು ನಿಮಿಷ ಎಂದಿದ್ದರೂ ಹನ್ನೆರಡೇ ನಿಮಿಷ ಸಿಗುತ್ತದೆ ಎಂದುಕೊಂಡು ಸಿದ್ಧರಾಗಿ. ಸ್ವಾಗತ, ಪರಿಚಯ, ಶಾಲು, ಹಾರ, ಸ್ಮರಣಿಕೆಗಳಲ್ಲಿ ಉಳಿದ ಸಮಯ ಕರಗಿರುತ್ತದೆ.

ನಂತರದ ಕೆಲಸವೇ ಮುಖ್ಯ. ಅದೇ ಕಾಲೇಜಿನಿಂದ ಕಳೆದ ಎರಡು ಮೂರು ವರ್ಷಗಳಲ್ಲಿ ಹೊರಬಂದ ಐವರ ದೂರವಾಣಿ ಸಂಖ್ಯೆಯನ್ನು, ಅವರ ಒಪ್ಪಿಗೆಯೊಂದಿಗೆ, ಪಡೆಯಿರಿ. ಬೇರೆ ಬೇರೆ ವಿಭಾಗದವರಿರಲಿ. ಎಲ್ಲರಿಗೂ ಒಂದೇ ಪ್ರಶ್ನೆ ಕೇಳಿ: "ಕೆಲಸಕ್ಕೆ ಸೇರಿದ ಮೊದಲ ವರ್ಷ, ನೀವು ಕಣ್ಣಾರೆ ನೋಡದ ಯಾವುದಕ್ಕೆ ಸಹಿ ಹಾಕಲು ಹೇಳಿದರು?" "ನಿಮಗೆ ನೈತಿಕ ಸಮಸ್ಯೆ ಎದುರಾಗಿತ್ತೇ" ಎಂದು ಕೇಳಿದರೆ ಇಲ್ಲ ಎನ್ನುತ್ತಾರೆ. ಸಹಿಯ ಬಗ್ಗೆ ಕೇಳಿದರೆ ಒಂದು ಕ್ಷಣ ಸುಮ್ಮನಿದ್ದು ಹೇಳತೊಡಗುತ್ತಾರೆ.

ನನಗೆ ಸಿಕ್ಕ ಉತ್ತರಗಳು ಇವು. ಸಿವಿಲ್‌ನವನೊಬ್ಬ ಅಳತೆ ಪುಸ್ತಕದಲ್ಲಿ ತಾನು ಟೇಪು ಹಿಡಿಯದ ಚರಂಡಿಯ ಉದ್ದ ಬರೆದಿದ್ದ. ಎಲೆಕ್ಟ್ರಿಕಲ್‌ನವಳಿಗೆ ಅರ್ಥ್ ಪಿಟ್‌ನ ರೋಧವನ್ನು ಅಳೆಯುವ ಮೀಟರೇ ಕೊಟ್ಟಿರಲಿಲ್ಲ. ಕಳೆದ ವರ್ಷದ ಅಂಕಿಯನ್ನು ಸ್ವಲ್ಪ ಹೆಚ್ಚು ಕಡಿಮೆ ಮಾಡಿ ಬರೆ ಎಂದಿದ್ದರು. ಮೆಕ್ಯಾನಿಕಲ್‌ನವನು ಪ್ರೆಷರ್ ಗೇಜ್‌ಗಳ ಮೇಲೆ ಪರೀಕ್ಷೆ ಇಲ್ಲದೆಯೇ ಹೊಸ ದಿನಾಂಕದ ಚೀಟಿ ಅಂಟಿಸಿದ್ದ. ಸಾಫ್ಟ್‌ವೇರ್‌ನವಳು ಬಿಡುಗಡೆಯ ಹಿಂದಿನ ರಾತ್ರಿ, ಓಡಿಸದ ನಲವತ್ತು ಪರೀಕ್ಷೆಗಳ ಮುಂದೆ "ಪಾಸ್" ಎಂದು ತುಂಬಿದ್ದಳು. ಇವರಲ್ಲಿ ಯಾರೂ ಲಂಚ ಮುಟ್ಟಿದವರಲ್ಲ, ಯಾರೂ ಕೆಟ್ಟವರಲ್ಲ. ಇವರೆಲ್ಲರೂ ಮಾಡದ ಅಳತೆಯನ್ನು ಮಾಡಿದೆವೆಂದು ಬರೆದರು, ಅಷ್ಟೆ. ನಿಮ್ಮ ಭಾಷಣದ ವಿಷಯ ಇಲ್ಲಿದೆ. ವಿಭಾಗ ಯಾವುದಾದರೂ ಹೊಸ ಎಂಜಿನಿಯರ್ ಮೊದಲು ಎಡವುವ ಜಾಗ ಇದೊಂದೇ.

ಒಂದೇ ಪ್ರಕರಣ ಆರಿಸಿ, ಅದು ಸಣ್ಣದಿರಲಿ

ದೊಡ್ಡ ತ್ಯಾಗದ ಕಥೆಗಳನ್ನು ಹೇಳಬೇಕೆಂಬ ಆಸೆ ಸಹಜ. ಮೈಸೂರಿನ ಎಸ್‌ಜೆಸಿಇಯಲ್ಲಿ ಓದಿದ ಎಸ್. ಮಂಜುನಾಥ್ ಇಂಡಿಯನ್ ಆಯಿಲ್‌ನ ಅಧಿಕಾರಿಯಾಗಿ ಉತ್ತರ ಪ್ರದೇಶದಲ್ಲಿ ಕಲಬೆರಕೆಯ ವಿರುದ್ಧ ನಿಂತು 2005ರ ನವೆಂಬರ್‌ನಲ್ಲಿ ಕೊಲೆಯಾದರು. ಹೆದ್ದಾರಿ ಕಾಮಗಾರಿಯ ಅಕ್ರಮಗಳ ಬಗ್ಗೆ ಪ್ರಧಾನಿ ಕಚೇರಿಗೆ ಪತ್ರ ಬರೆದಿದ್ದ ಸತ್ಯೇಂದ್ರ ದುಬೆ ಅದಕ್ಕೂ ಎರಡು ವರ್ಷ ಮೊದಲು ಗಯಾದಲ್ಲಿ ಹತರಾದರು. ಈ ಇಬ್ಬರನ್ನು ನೆನೆಯದ ಎಂಜಿನಿಯರ್ ಸಮಾಜ ಕೃತಘ್ನ ಎಂದೇ ನಾನು ನಂಬಿದ್ದೇನೆ. ಆದರೂ ಭಾಷಣದ ನಡುಮಧ್ಯದಲ್ಲಿ ಅವರ ಕಥೆಯನ್ನು ಇಡಬೇಡಿ. ಕೇಳುವ ಹುಡುಗನ ಮನಸ್ಸಿನಲ್ಲಿ ನೀತಿ ಎಂದರೆ ಪ್ರಾಣ ಕೊಡುವುದು ಎಂದು ಕೂತುಬಿಡುತ್ತದೆ. ಪ್ರಾಣ ಕೊಡಲು ತಾನು ಸಿದ್ಧನಿಲ್ಲವಾದ್ದರಿಂದ ನೀತಿ ತನಗೆ ಸಂಬಂಧಿಸಿದ್ದಲ್ಲ ಎಂದೂ ಅವನು ತೀರ್ಮಾನಿಸುತ್ತಾನೆ. ಪಕ್ಕದಲ್ಲಿ ಕುಳಿತ ತಾಯಿಗೆ ಆಗುವ ಗಾಬರಿಯೇ ಬೇರೆ.

ಮೊದಲ ವರ್ಷದಲ್ಲಿ ನಿಜವಾಗಿ ಎದುರಾಗುವ, ಐನೂರು ರೂಪಾಯಿಯ ರಿಜಿಸ್ಟರ್ ಪುಸ್ತಕದಲ್ಲಿ ನಡೆಯುವ ಪ್ರಕರಣ ಬೇಕು. ನಾನು ಬಳಸುವುದು ಕಾಂಕ್ರೀಟ್ ಕ್ಯೂಬಿನ, ಅಂದರೆ ಬಲ ನೋಡಲು ಅಚ್ಚಿನಲ್ಲಿ ಹಾಕಿ ಆಮೇಲೆ ಯಂತ್ರದಲ್ಲಿ ಒತ್ತಿ ಒಡೆಯುವ ಕಾಂಕ್ರೀಟ್ ಗಟ್ಟಿಯ, ಪ್ರಕರಣ. ಅದರಲ್ಲಿ ತಪ್ಪು ಮಾಡಿದವನು ನಾನೇ ಆದ್ದರಿಂದ ಯಾರ ಹೆಸರನ್ನೂ ಎಳೆದು ತರಬೇಕಾಗಿಲ್ಲ. ನಿಮ್ಮ ಜೀವನದಲ್ಲಿಯೂ ಅಂಥದ್ದೊಂದು ಇದ್ದೇ ಇರುತ್ತದೆ, ಹುಡುಕಿ.

ಪ್ರಕರಣವನ್ನು ಅಂಕಿಯವರೆಗೆ ಇಳಿಸಿ

"ಒಮ್ಮೆ ನಮ್ಮ ಸೈಟಿನಲ್ಲಿ ಗುಣಮಟ್ಟದ ಸಮಸ್ಯೆ ಬಂತು" ಎಂದರೆ ಯಾರಿಗೂ ಏನೂ ತಟ್ಟುವುದಿಲ್ಲ. ಏನನ್ನು ಅಳೆದರು, ಎಷ್ಟು ಬಂತು, ಎಷ್ಟು ಬರಬೇಕಿತ್ತು, ಯಾರು ಏನೆಂದರು, ಇಷ್ಟನ್ನೂ ಬರೆದುಕೊಳ್ಳಿ. ನನ್ನ ಪ್ರಕರಣವನ್ನು ಇಲ್ಲಿ ಪೂರ್ತಿಯಾಗಿ ಬಿಡಿಸಿಡುತ್ತೇನೆ.

ಚಿತ್ರದುರ್ಗದ ಹೊರಗೆ ಒಂದು ವಿದ್ಯಾರ್ಥಿನಿಲಯದ ಕಟ್ಟಡ. ಗುತ್ತಿಗೆದಾರರ ಕಡೆಯಿಂದ ನಾನು ಕಾಮಗಾರಿಯ ಮುಖ್ಯಸ್ಥ. ಮೊದಲ ಮಹಡಿಯ ಒಂದು ಸ್ಲ್ಯಾಬಿಗೆ 12 ಘನ ಮೀಟರ್ ಎಂ25 ಕಾಂಕ್ರೀಟ್ ಬೇಕಿತ್ತು, ಎರಡು ಮಿಕ್ಸರ್ ಲಾರಿಗಳಲ್ಲಿ ಬಂತು. ಐಎಸ್ 456 ಎಂಬ ನಮ್ಮ ಕಾಂಕ್ರೀಟ್ ಮಾನಕದ ಪ್ರಕಾರ ಆರರಿಂದ ಹದಿನೈದು ಘನ ಮೀಟರಿಗೆ ಎರಡು ಸ್ಯಾಂಪಲ್ ತೆಗೆಯಬೇಕು, ಒಂದೊಂದು ಸ್ಯಾಂಪಲ್‌ಗೆ ಮೂರು ಕ್ಯೂಬ್. ಲಾರಿಗೆ ಒಂದರಂತೆ ತೆಗೆದೆವು. ಎರಡನೆಯ ಲಾರಿ ದಾರಿಯಲ್ಲಿ ತಡವಾಗಿ ಬಂದಿತ್ತು. ಕಾಂಕ್ರೀಟ್ ಬಿಗಿಯಾಗುತ್ತಿದೆ ಎಂದು ಯಾರೋ ಪೈಪಿನಿಂದ ನೀರು ಬಿಟ್ಟಿದ್ದರು. ಬಿಟ್ಟ ನೀರು ಸಿಮೆಂಟಿನ ಜೊತೆ ಸೇರಿ ಉಳಿದದ್ದು ಆವಿಯಾಗುತ್ತದೆ, ಅದು ಇದ್ದ ಜಾಗ ಸಣ್ಣ ಸಣ್ಣ ರಂಧ್ರವಾಗಿ ಉಳಿಯುತ್ತದೆ, ಕಾಂಕ್ರೀಟಿನ ಬಲ ಇಳಿಯುತ್ತದೆ. ಆ ದಿನ ನಾನು ಅದನ್ನು ನೋಡಿಯೂ ನೋಡದವನಂತಿದ್ದೆ.

ಎಂ25 ಎಂದರೆ 28 ದಿನ ನೀರಿನಲ್ಲಿ ಹದಗೊಂಡ ಮೇಲೆ ಪ್ರತಿ ಚದರ ಮಿಲಿಮೀಟರ್ 25 ನ್ಯೂಟನ್ ಒತ್ತಡ ತಾಳಬೇಕು. ಕ್ಯೂಬಿನ ಒಂದೊಂದು ಬದಿ 150 ಮಿಲಿಮೀಟರ್, ಅಂದರೆ ಒಂದು ಮುಖದ ವಿಸ್ತೀರ್ಣ 22,500 ಚದರ ಮಿಲಿಮೀಟರ್. ಆದ್ದರಿಂದ ಯಂತ್ರದ ಡಯಲ್ ತೋರಿಸುವ ಕಿಲೋನ್ಯೂಟನ್ ಅಂಕಿಯನ್ನು 22.5ರಿಂದ ಭಾಗಿಸಿದರೆ ಕಾಂಕ್ರೀಟಿನ ಬಲ ಸಿಗುತ್ತದೆ. ಇಪ್ಪತ್ತೆಂಟನೆಯ ದಿನ ಎರಡನೆಯ ಲಾರಿಯ ಮೂರು ಕ್ಯೂಬುಗಳು ಒಡೆದದ್ದು 450, 468 ಮತ್ತು 441ಕ್ಕೆ. ಭಾಗಿಸಿದರೆ 20.0, 20.8, 19.6. ಸರಾಸರಿ 20.1. ಎಂ25ಕ್ಕೆ ಯಾವ ಸ್ಯಾಂಪಲ್‌ನ ಸರಾಸರಿಯೂ 22ಕ್ಕಿಂತ ಕೆಳಗೆ ಇಳಿಯುವಂತಿಲ್ಲ. ಮೂರೂ ಕ್ಯೂಬುಗಳು ಒಂದಕ್ಕೊಂದು ಹತ್ತಿರವೇ ಇದ್ದುದರಿಂದ ಪರೀಕ್ಷೆಯಲ್ಲೇ ಎಡವಟ್ಟಾಗಿದೆ ಎನ್ನಲೂ ಆಗುತ್ತಿರಲಿಲ್ಲ.

ರಿಜಿಸ್ಟರ್ ಬರೆಯುತ್ತಿದ್ದವಳು ಹರಿಹರದ ಕಡೆಯ ಹುಡುಗಿ, ಕೆಲಸಕ್ಕೆ ಸೇರಿ ಐದು ತಿಂಗಳಾಗಿತ್ತು. ನಾನು ಅವಳಿಗೆ ಹೇಳಿದೆ: "ಹೊಸ ಹಾಳೆ ತೆಗೆದುಕೊಳ್ಳಮ್ಮ. ನಾಲ್ಕು ಇದ್ದಲ್ಲಿ ಆರು ಬರೆ." 450 ಹೋಗಿ 650, 468 ಹೋಗಿ 668, 441 ಹೋಗಿ 641. ಮೂರು ಅಂಕಿ ಬದಲಾದರೆ ಸರಾಸರಿ 29 ಬರುತ್ತದೆ, ಬಿಲ್ಲು ಪಾಸಾಗುತ್ತದೆ. ಈ ಭಾಗವನ್ನು ವೇದಿಕೆಯ ಮೇಲೆ ಹೇಳುವಾಗ ನನ್ನ ದನಿ ಈಗಲೂ ತಗ್ಗುತ್ತದೆ, ಅದನ್ನು ನಾನು ಮರೆಮಾಚುವುದಿಲ್ಲ.

ಅವಳು ಪೆನ್ನು ಕೆಳಗಿಟ್ಟಳು. ಜಗಳವಾಡಲಿಲ್ಲ, ಉಪದೇಶವನ್ನೂ ಮಾಡಲಿಲ್ಲ. "ಸರ್, ಕ್ಯೂಬ್ ಫೇಲಾದರೆ ಸ್ಲ್ಯಾಬ್ ಒಡೆಯಬೇಕು ಅಂತೇನಿಲ್ಲ. ಕೋರ್ ತೆಗೆದು ನೋಡಬಹುದು, ಹದಿನೇಳನೆಯ ಕಲಮಿನಲ್ಲಿದೆ" ಎಂದು ಮೊಬೈಲಿನಲ್ಲಿ ಪುಟ ತೆರೆದು ನನ್ನ ಮುಂದೆ ಹಿಡಿದಳು. ಇಪ್ಪತ್ತು ವರ್ಷದಿಂದ ನನ್ನ ಮೇಜಿನ ಮೇಲಿದ್ದ ಪುಸ್ತಕ ಅದು. ಆ ಪುಟವನ್ನು ನಾನು ಎಂದೂ ಓದಿರಲಿಲ್ಲ.

ಆ ಕಲಮು ಹೇಳುವುದು ಸರಳ. ಅನುಮಾನ ಬಂದ ಜಾಗದಿಂದ ಕನಿಷ್ಠ ಮೂರು ಕೋರ್, ಅಂದರೆ ಕೊರೆದು ತೆಗೆದ ಉರುಳೆಗಳು, ಬೇಕು. ಅವುಗಳ ಬಲವನ್ನು ಕ್ಯೂಬಿನ ಲೆಕ್ಕಕ್ಕೆ ಪರಿವರ್ತಿಸಿದಾಗ ಸರಾಸರಿ, ಬೇಕಾದ ಬಲದ ಶೇ 85ರಷ್ಟಾದರೂ ಇರಬೇಕು. ಯಾವೊಂದು ಕೋರ್ ಕೂಡ ಶೇ 75ಕ್ಕಿಂತ ಕೆಳಗಿಳಿಯಬಾರದು. ಎಂ25ಕ್ಕೆ ಅದು 21.25 ಮತ್ತು 18.75. ಕಂಬಿ ಎಲ್ಲಿದೆ ಎಂದು ಪತ್ತೆಯಂತ್ರದಿಂದ ಗುರುತಿಸಿ, ಎರಡನೆಯ ಲಾರಿಯ ಕಾಂಕ್ರೀಟ್ ಬಿದ್ದ ಭಾಗದಲ್ಲೇ ಮೂರು ಕಡೆ ಕೊರೆಸಿದೆವು. 22.4, 21.6, 23.1 ಬಂತು. ಸರಾಸರಿ 22.4. ಸ್ಲ್ಯಾಬ್ ಉಳಿಯಿತು. ರಿಜಿಸ್ಟರಿನಲ್ಲಿ 450, 468, 441 ಹಾಗೆಯೇ ಉಳಿದವು, ಕೆಳಗೆ ಕೋರ್ ವರದಿಯ ಸಂಖ್ಯೆ ಸೇರಿತು. ಸುಮಾರು ಒಂದು ವಾರ ತಡವಾಯಿತು, ಕೊರೆಸಿದ ಖರ್ಚು ಬಂತು, ಅಷ್ಟೇ.

ಇಲ್ಲಿ ಒಂದು ಎಚ್ಚರಿಕೆ. ಕಥೆ ಸುಖಾಂತವಾಯಿತೆಂದು ಸತ್ಯ ಹೇಳಿದರೆ ಯಾವಾಗಲೂ ಒಳ್ಳೆಯದೇ ಆಗುತ್ತದೆ ಎಂದು ಮಕ್ಕಳಿಗೆ ಹೇಳಬೇಡಿ. ಕೋರ್ ಕೂಡ ಸೋಲಬಹುದಿತ್ತು. ಆಗ ಸ್ಲ್ಯಾಬಿನ ಮೇಲೆ ನಿಜವಾದ ಭಾರವನ್ನು 24 ಗಂಟೆ ಹೇರಿ ಬಾಗುವಿಕೆಯನ್ನು ಅಳೆಯುವ ಪರೀಕ್ಷೆ ಇದೆ. ಅದರಲ್ಲೂ ಸೋತರೆ ಬಲಪಡಿಸಬೇಕು, ಇಲ್ಲವೇ ಒಡೆಯಬೇಕು. ಒಡೆದಿದ್ದರೆ ಗುತ್ತಿಗೆದಾರರಿಗೆ ನಷ್ಟ, ನನಗೆ ಬೈಗುಳ, ಅವಳಿಗೆ ಬಹುಶಃ ಬೇರೆ ಸೈಟು. ಇದನ್ನೂ ಹೇಳಿದರೆ ಮಾತ್ರ ಅವರು ನಿಮ್ಮನ್ನು ನಂಬುತ್ತಾರೆ.

ಕಲಿಕೆ ಮತ್ತು ನೀತಿಯನ್ನು ಎರಡು ಭಾಗ ಮಾಡಬೇಡಿ

ಹೆಚ್ಚಿನ ಭಾಷಣಗಳಲ್ಲಿ ಮೊದಲರ್ಧ ನಿರಂತರ ಕಲಿಕೆ, ಉಳಿದರ್ಧ ನೀತಿ. ಕ್ಯೂಬಿನ ಪ್ರಕರಣದಲ್ಲಿ ಅವೆರಡೂ ಒಂದೇ ಹಗ್ಗದ ಎಳೆಗಳು. ಸುಳ್ಳು ಬರೆ ಎಂದು ನಾನು ಹೇಳಿದ್ದಕ್ಕೆ ದುರಾಸೆಗಿಂತ ದೊಡ್ಡ ಕಾರಣ ನನ್ನ ಅಜ್ಞಾನ. ಕ್ಯೂಬ್ ಸೋತರೆ ಮುಂದೆ ಕಾನೂನುಬದ್ಧ ದಾರಿ ಏನೆಂದು ನನಗೆ ಗೊತ್ತಿರಲಿಲ್ಲ. ಒಡೆಯುವುದು ಅಥವಾ ತಿದ್ದುವುದು, ಇವೆರಡೇ ನನ್ನ ತಲೆಯಲ್ಲಿದ್ದವು. ಅವಳಿಗೆ ಮೂರನೆಯದು ಗೊತ್ತಿತ್ತು. ಅವಳ ಧೈರ್ಯಕ್ಕೆ ಕಾಲು ಕೊಟ್ಟದ್ದು ಆ ಓದು.

ಇದರ ಇನ್ನೊಂದು ಮಗ್ಗುಲನ್ನೂ ತೋರಿಸಿ. ಪೂರ್ತಿ ಪ್ರಾಮಾಣಿಕನಾಗಿದ್ದೂ ತಪ್ಪು ಸಹಿ ಹಾಕಬಹುದು. ಐಎಸ್ 456ರ 2000ದ ಮುದ್ರಣದಲ್ಲಿ ಎಂ20 ಮತ್ತು ಅದಕ್ಕೂ ಮೇಲಿನ ಕಾಂಕ್ರೀಟಿಗೆ, ಒಂದು ಸ್ಯಾಂಪಲ್‌ನ ಫಲಿತಾಂಶ ಬೇಕಾದ ಬಲಕ್ಕಿಂತ 4ರಷ್ಟು ಕಡಿಮೆಯಾದರೂ ನಡೆಯುತ್ತದೆ ಎಂದಿತ್ತು. ಆಮೇಲೆ ಬಂದ ತಿದ್ದುಪಡಿ ಅದನ್ನು 3ಕ್ಕೆ ಇಳಿಸಿತು. ಅಂದರೆ ಎಂ25ಕ್ಕೆ ಹಳೆಯ ಗಡಿ 21, ಈಗಿನದು 22. ಫಲಿತಾಂಶ 21.5 ಬಂದಿದೆ ಎಂದುಕೊಳ್ಳಿ. ಹಳೆಯ ಪುಸ್ತಕ ಇಟ್ಟುಕೊಂಡವನು ಮನಸ್ಸಾಕ್ಷಿಯಂತೆಯೇ "ಸರಿ" ಎಂದು ಬರೆಯುತ್ತಾನೆ, ತಪ್ಪಾಗುತ್ತದೆ. ಕಾಂಕ್ರೀಟಿನ ಮಿಶ್ರಣ ನಿಗದಿ ಮಾಡುವ ಐಎಸ್ 10262 ಕೂಡ ಹೀಗೆಯೇ: 1982ರಲ್ಲಿ ಬಂದದ್ದನ್ನು 2009ರಲ್ಲಿ ಬದಲಿಸಿದರು, ಮತ್ತೆ 2019ರಲ್ಲಿ ಬದಲಿಸಿದರು. ಒಬ್ಬ ಎಂಜಿನಿಯರ್‌ನ ವೃತ್ತಿಜೀವನದೊಳಗೇ ಮೂರು ಪಾಠ. ಪದವಿಯ ದಿನ ಕಲಿತದ್ದನ್ನೇ ನಿವೃತ್ತಿಯವರೆಗೆ ಬಳಸಿದವನು, ಲಂಚ ಮುಟ್ಟದಿದ್ದರೂ, ಜನರಿಗೆ ಹಳಸಿದ್ದನ್ನು ಬಡಿಸಿದಂತೆ.

ಹಾಗಾದರೆ ಏನು ಮಾಡಬೇಕು ಎಂಬುದನ್ನೂ ಅಳತೆಗೆ ಸಿಗುವಂತೆ ಹೇಳಿ. ನಾನು ಹೇಳುವುದು ಒಂದೇ ಅಭ್ಯಾಸ. ನಿಮ್ಮ ಸಹಿ ಬೀಳುವ ಕಾಗದಗಳ ಪಟ್ಟಿ ಮಾಡಿಕೊಳ್ಳಿ. ಮೊದಲ ವರ್ಷ ನಾಲ್ಕೈದಕ್ಕಿಂತ ಹೆಚ್ಚು ಇರುವುದಿಲ್ಲ. ಒಂದೊಂದರ ಎದುರಿಗೂ ಅದನ್ನು ಆಳುವ ಮಾನಕ ಅಥವಾ ನಿಯಮ ಯಾವುದು, ಅದರ ಇತ್ತೀಚಿನ ತಿದ್ದುಪಡಿ ಯಾವುದು ಎಂದು ಬರೆಯಿರಿ. ಭಾರತೀಯ ಮಾನಕ ಬ್ಯೂರೋದ ಜಾಲತಾಣದಲ್ಲಿ ನೋಂದಾಯಿಸಿಕೊಂಡರೆ ಮಾನಕಗಳನ್ನು ಉಚಿತವಾಗಿ ಇಳಿಸಿಕೊಳ್ಳಬಹುದು. ಆ ಮಾನಕದಲ್ಲಿ "ಫಲಿತಾಂಶ ಸೋತರೆ" ಎಂಬ ಭಾಗವನ್ನು ಸೋಲು ಬರುವ ಮುನ್ನವೇ ಓದಿಡಿ. ವರ್ಷಕ್ಕೆ ಎರಡು ಬಾರಿ, ಯುಗಾದಿಗೊಮ್ಮೆ ಆಯುಧಪೂಜೆಗೊಮ್ಮೆ, ತಿದ್ದುಪಡಿ ಬಂದಿದೆಯೇ ನೋಡಿ. ಆಯುಧಪೂಜೆಯ ದಿನ ಯಂತ್ರಕ್ಕೆ ಕುಂಕುಮ ಇಡುವ ಕೈ, ಆ ಯಂತ್ರದ ಪರೀಕ್ಷಾ ದಿನಾಂಕವನ್ನೂ ಒಮ್ಮೆ ನೋಡಲಿ ಎಂದು ಹೇಳಿದಾಗ ಸಭೆಯಲ್ಲಿ ತಲೆಗಳು ಅಲ್ಲಾಡಿದ್ದನ್ನು ನಾನು ಕಂಡಿದ್ದೇನೆ.

ಸುಳ್ಳು ಹೇಗೆ ಸಿಕ್ಕಿಬೀಳುತ್ತದೆ ಎಂದು ತೋರಿಸಿ

ಇದಕ್ಕೆ ಒಂದೂವರೆ ನಿಮಿಷ ಸಾಕು, ಆದರೆ ಬಿಡಬೇಡಿ. ಇಪ್ಪತ್ತೆಂಟು ದಿನ ಎಂದರೆ ಸರಿಯಾಗಿ ನಾಲ್ಕು ವಾರ. ಆದ್ದರಿಂದ ಶುಕ್ರವಾರ ಹಾಕಿದ ಕ್ಯೂಬಿನ ಪರೀಕ್ಷೆ ಶುಕ್ರವಾರವೇ ಬರಬೇಕು. ರಿಜಿಸ್ಟರಿನಲ್ಲಿ ಮಂಗಳವಾರ ಹಾಕಿ ಶನಿವಾರ ಒಡೆದಂತೆ ಬರೆದಿದ್ದರೆ, ಅದು ಇಪ್ಪತ್ತೆಂಟನೆಯ ದಿನವಲ್ಲ ಎಂದು ಕ್ಯಾಲೆಂಡರ್ ಹಿಡಿದು ಯಾರಾದರೂ ಹೇಳಬಹುದು. ದುಗ್ಗಮ್ಮನ ಜಾತ್ರೆಗೆ ಊರೆಲ್ಲ ಬಾಗಿಲು ಹಾಕಿದ ದಿನ ದಾವಣಗೆರೆಯ ಪ್ರಯೋಗಾಲಯದಲ್ಲಿ ಆರು ಕ್ಯೂಬ್ ಒಡೆದಂತೆ ಬರೆದ ರಿಜಿಸ್ಟರೊಂದು ನನ್ನ ಕೈಗೆ ಬಂದಿತ್ತು. ಇನ್ನು, ನಿಜವಾದ ಕ್ಯೂಬುಗಳ ಅಂಕಿಗಳು ಚದುರುತ್ತವೆ. ಮೂರು ತಿಂಗಳ ಎಲ್ಲ ಫಲಿತಾಂಶಗಳೂ 31.1, 31.2, 31.0 ಎಂದು ಸಾಲಾಗಿ ನಿಂತಿದ್ದರೆ, ಅವು ಹುಟ್ಟಿದ್ದು ಯಂತ್ರದಲ್ಲಲ್ಲ, ಪೆನ್ನಿನಲ್ಲಿ. ಹೆದರಿಸಲು ಇದನ್ನು ಹೇಳುತ್ತಿಲ್ಲ. ಬೇರೆಯವರ ಅಂಕಿಗಳನ್ನು ಓದುವ ಕಣ್ಣು ಈ ಮಕ್ಕಳಿಗೆ ಮೊದಲ ದಿನದಿಂದಲೇ ಬರಲಿ ಎಂಬುದು ನನ್ನ ಆಸೆ.

ಹಿಂದಿನ ಸಾಲಿನ ತಂದೆಗೂ ಅರ್ಥವಾಗಲಿ

ಜಗಳೂರು, ಹೊನ್ನಾಳಿ, ಹೊಳಲ್ಕೆರೆ ಕಡೆಯಿಂದ ಬೆಳಗಿನ ಬಸ್ಸು ಹಿಡಿದು ಬಂದ ತಂದೆತಾಯಿಯರು ಸಭೆಯ ಅರ್ಧ ಇರುತ್ತಾರೆ. ಅವರಿಗೆ ನ್ಯೂಟನ್ ಬೇಡ. ಒಂದು ಗೇಣಿಗಿಂತ ಚಿಕ್ಕದಾದ ಕಾಂಕ್ರೀಟ್ ಗಟ್ಟಿಯ ಮೇಲೆ ಸುಮಾರು 57 ಟನ್, ಅಂದರೆ ತುಂಬಿದ ಮೂರು ಲಾರಿಗಳಷ್ಟು ಭಾರ ಹಾಕಿದರೂ ಒಡೆಯಬಾರದು ಎನ್ನಿ, ಕಣ್ಣು ಅರಳುತ್ತವೆ. ಸ್ಯಾಂಪಲ್ ಎಂದರೇನು ಎಂಬುದು ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು. ದಾವಣಗೆರೆ ಮಾರುಕಟ್ಟೆಗೆ ಮೆಕ್ಕೆಜೋಳ ತಂದಾಗ ಚೀಲಕ್ಕೆ ಚುಚ್ಚಿ ಒಂದು ಹಿಡಿ ಕಾಳು ತೆಗೆಯುತ್ತಾರೆ, ಮೀಟರಿನಲ್ಲಿ ತೇವಾಂಶ ನೋಡುತ್ತಾರೆ, ಆ ಒಂದು ಹಿಡಿಯ ಮೇಲೆ ಇಡೀ ಲೋಡಿನ ದರ ನಿಲ್ಲುತ್ತದೆ. ಮೀಟರಿನಲ್ಲಿ ಒಂದು ಬಂದು ಚೀಟಿಯಲ್ಲಿ ಇನ್ನೊಂದು ಬರೆದರೆ ಹೇಗಾಗುತ್ತದೆ ಎಂದು ರೈತನಿಗೆ ಯಾರೂ ಹೇಳಿಕೊಡಬೇಕಿಲ್ಲ. "ನಿಮ್ಮ ಮಗ, ಮಗಳು ನಾಳೆಯಿಂದ ಆ ಮೀಟರ್ ಹಿಡಿಯುವವರು" ಎಂದಷ್ಟೇ ಹೇಳಿ ಮುಂದೆ ಸಾಗಿ. ಆ ರಾತ್ರಿ ಊಟಕ್ಕೆ ಕುಳಿತಾಗ ಮಾತು ಮನೆಯಲ್ಲಿ ಮುಂದುವರಿಯುತ್ತದೆ.

ಬಾಯಿಗೆ ಮಾತು ಕೊಡಿ

ಹೊಸದಾಗಿ ಕೆಲಸಕ್ಕೆ ಸೇರಿದವರ ತಲೆಯ ಮೇಲೆ ಶಿಕ್ಷಣ ಸಾಲವಿರುತ್ತದೆ, ಮನೆಯಲ್ಲಿ ತಂಗಿಯ ಓದು ಇರುತ್ತದೆ. "ಒಪ್ಪದಿದ್ದರೆ ಕೆಲಸ ಬಿಡಿ" ಎಂದು ವೇದಿಕೆಯಿಂದ ಹೇಳುವುದು ನಿವೃತ್ತಿ ವೇತನ ಬರುವ ನಮ್ಮಂಥವರಿಗೆ ಸುಲಭ. ಹಾಗೆ ಹೇಳುವ ಹಕ್ಕು ನಮಗಿಲ್ಲ ಎಂದೇ ನನ್ನ ಭಾವನೆ. ಅದರ ಬದಲು, ಮೇಲಿನವರು ಅಂಕಿ ತಿದ್ದು ಎಂದಾಗ ಆಡಬಹುದಾದ ಮಾತುಗಳನ್ನು ಕೊಡಿ, ಸಾಧ್ಯವಾದರೆ ಸಭೆಯಲ್ಲೇ ಜೋರಾಗಿ ಹೇಳಿಸಿ.

ನಾನು ಹೇಳಿಸುವುದು ಇದನ್ನು: "ಸರ್, ಬಂದ ಅಂಕಿಯನ್ನು ಹಾಗೇ ಬರೆಯುತ್ತೇನೆ. ಮುಂದೇನು ಮಾಡಬಹುದು ಎಂದು ಮಾನಕ ನೋಡಿ ಸಂಜೆಯೊಳಗೆ ಹೇಳುತ್ತೇನೆ." ಈ ಮಾತಿನಲ್ಲಿ ಮೇಲಧಿಕಾರಿಯನ್ನು ಕಳ್ಳ ಎಂದಿಲ್ಲ, ಅವರ ಕಷ್ಟವನ್ನು ತಳ್ಳಿಹಾಕಿಲ್ಲ, ಸಂಜೆಯವರೆಗೆ ಸಮಯ ಸಿಕ್ಕಿದೆ. ಹತ್ತರಲ್ಲಿ ಹಲವು ಬಾರಿ ವಿಷಯ ಅಲ್ಲಿಗೇ ತಣ್ಣಗಾಗುತ್ತದೆ. ಆಗದಿದ್ದರೆ ಎರಡನೆಯ ಹೆಜ್ಜೆ, ಅದೇ ದಿನ ಮೇಲಧಿಕಾರಿಗೆ ಎರಡು ಸಾಲಿನ ಮೇಲ್ ಕಳಿಸುವುದು: ಇಂಥ ಸ್ಯಾಂಪಲ್, ಇಂಥ ದಿನಾಂಕ, ಫಲಿತಾಂಶ ಇಷ್ಟು, ಮುಂದಿನ ಕ್ರಮಕ್ಕಾಗಿ ತಿಳಿಸಲಾಗಿದೆ. ಆರೋಪದ ಒಂದು ಶಬ್ದವೂ ಇರಬಾರದು. ಆ ಮೇಲ್ ಹೋದ ಮೇಲೆ ಅಂಕಿಯನ್ನು ತಿದ್ದುವುದು ಎಲ್ಲರಿಗೂ ಕಷ್ಟವಾಗುತ್ತದೆ. ಮೂರನೆಯದು, ಒತ್ತಡ ನಿಲ್ಲದಿದ್ದರೆ, "ಈ ಕಾಗದಕ್ಕೆ ನಾನು ಸಹಿ ಹಾಕಲಾರೆ, ಹಾಕುವವರು ಹಾಕಲಿ" ಎಂದು ಸಹಿಯಿಂದ ಹಿಂದೆ ಸರಿಯುವುದು. ಅದು ಪೂರ್ಣ ಪರಿಹಾರವಲ್ಲ, ತಪ್ಪು ಅಂಕಿ ಬೇರೆಯವರ ಹೆಸರಿನಲ್ಲಿ ಹೋಗಬಹುದು. ಜನರ ಜೀವಕ್ಕೆ ನೇರ ಅಪಾಯವಿದ್ದರೆ ಅಲ್ಲಿಗೆ ನಿಲ್ಲುವಂತಿಲ್ಲ, ಕಟ್ಟಡದ ಮಾಲೀಕರಿಗೆ ಅಥವಾ ವಿನ್ಯಾಸ ಮಾಡಿದ ಎಂಜಿನಿಯರ್‌ಗೆ ತಿಳಿಸಲೇಬೇಕು. ಇದರ ಬೆಲೆ ಏನಾಗಬಹುದು ಎಂಬುದನ್ನೂ ಮುಚ್ಚಿಡದೆ ಹೇಳಿ.

ಬರೆದು, ಓದಿ, ಕತ್ತರಿಸಿ

ನಾನು ನಿಮಿಷಕ್ಕೆ ಸುಮಾರು ತೊಂಬತ್ತು ಪದ ಆಡುತ್ತೇನೆ, ಹನ್ನೆರಡು ನಿಮಿಷಕ್ಕೆ ಸಾವಿರದ ಆಸುಪಾಸು. ನಿಮ್ಮ ವೇಗವನ್ನು ಮೊಬೈಲಿನಲ್ಲಿ ಧ್ವನಿ ಮುದ್ರಿಸಿ ನೋಡಿಕೊಳ್ಳಿ. ಮೇಲಿನ ಪ್ರಕರಣದಲ್ಲಿ ಬಂದ ಎಲ್ಲ ಅಂಕಿಗಳನ್ನೂ ವೇದಿಕೆಯಲ್ಲಿ ಹೇಳಬಾರದು. ಕಿವಿಗೆ ಐದಾರು ಅಂಕಿಗಿಂತ ಹೆಚ್ಚು ನಿಲ್ಲುವುದಿಲ್ಲ. ನಾನು ಉಳಿಸಿಕೊಳ್ಳುವುದು ಬರಬೇಕಿದ್ದ 25, ಬಂದ 20, ತಿದ್ದಲು ಹೇಳಿದ ನಾಲ್ಕು ಮತ್ತು ಆರು, ಇಪ್ಪತ್ತೆಂಟು ದಿನ, ಮೂರು ಕೋರ್. ಉಳಿದವು ನಿಮ್ಮ ಕಿಸೆಯ ಚೀಟಿಯಲ್ಲಿರಲಿ, ಆಮೇಲೆ ಕೇಳಿದವರಿಗೆ ತೋರಿಸಬಹುದು. ಕನ್ನಡದಲ್ಲೇ ಮಾತನಾಡಿ. ಕ್ಯೂಬ್, ಕೋರ್, ಸ್ಲ್ಯಾಬ್ ಎಂಬ ಮಾತುಗಳು ಮೇಸ್ತ್ರಿಯ ಬಾಯಲ್ಲೂ ಕನ್ನಡವೇ ಆಗಿವೆ, ಅವನ್ನು ಅನುವಾದಿಸಲು ಹೋಗಬೇಡಿ.

ಚಿತ್ರದುರ್ಗ ಜಿಲ್ಲೆಯಲ್ಲಿ ಮಾತನಾಡುವುದಾದರೆ ಕೊನೆಯ ಒಂದು ನಿಮಿಷವನ್ನು ಮಾರಿಕಣಿವೆಗೆ ಕೊಡಿ. ವಾಣಿವಿಲಾಸ ಸಾಗರದ ಅಣೆಕಟ್ಟು ಮುಗಿದದ್ದು 1907ರಲ್ಲಿ. 1933ರಲ್ಲಿ ಕೋಡಿ ಬಿದ್ದಿತ್ತು, ಆಮೇಲೆ ಬಿದ್ದದ್ದು 2022ರಲ್ಲಿ. ನಡುವಿನ 89 ವರ್ಷ ಆ ಕೋಡಿ ಸುಮ್ಮನೆ ಒಣಗಿ ನಿಂತಿತ್ತು, ಅಲ್ಲಿ ಕಲ್ಲು ಸರಿಯಾಗಿ ಕೂರಿಸಿದ್ದಾರೋ ಇಲ್ಲವೋ ಎಂದು ಕೇಳುವ ನೀರೇ ಬರಲಿಲ್ಲ. ನೀರು ಬಂದ ದಿನ ಅದು ತನ್ನ ಕೆಲಸ ಮಾಡಿತು. ಅಳತೆ ಬರೆದವರು, ಸಹಿ ಹಾಕಿದವರು ಯಾರೂ ಆ ಹೊತ್ತಿಗೆ ಬದುಕಿರಲಿಲ್ಲ. ಹಿರಿಯೂರಿನ ಕಡೆಯ ಮಕ್ಕಳು ಆ ಕೋಡಿಯನ್ನು ನೋಡಲು ಮನೆಮಂದಿಯೆಲ್ಲ ಹೋದವರು. ವಿವರಿಸುವ ಅಗತ್ಯವೇ ಬೀಳುವುದಿಲ್ಲ. ಅಲ್ಲಿಗೆ ನಿಲ್ಲಿಸಿ, ನಮಸ್ಕಾರ ಹೇಳಿ ಕುಳಿತುಕೊಳ್ಳಿ.

ಹಿಂದಿನ ದಿನ ಆ ಕಟ್ಟಡವನ್ನು ನೋಡಿ ಬನ್ನಿ

ಇದನ್ನು ನನಗೆ ಕಲಿಸಿದವಳು ಒಬ್ಬ ವಿದ್ಯಾರ್ಥಿನಿ. ಎರಡನೆಯ ಬಾರಿ ಮಾತು ಮುಗಿಸಿ ಕೆಳಗಿಳಿದಾಗ ಕಪ್ಪು ಗೌನಿನಲ್ಲಿ ಬೆವರುತ್ತಾ ಬಂದು ಕೇಳಿದಳು: "ಸರ್, ಆ ಸ್ಲ್ಯಾಬ್ ಈಗ ಹೇಗಿದೆ?" ನನ್ನಲ್ಲಿ ಉತ್ತರವಿರಲಿಲ್ಲ. ವರ್ಷಗಳಿಂದ ನಾನು ಅತ್ತ ಹೋಗಿರಲಿಲ್ಲ.

ಈಗ ಪ್ರತಿ ಭಾಷಣದ ಹಿಂದಿನ ದಿನ ವಾರ್ಡನ್‌ರ ಅನುಮತಿ ಪಡೆದು ಆ ನಿಲಯಕ್ಕೆ ಹೋಗುತ್ತೇನೆ. ನೆಲಮಹಡಿಯ ಮೂಲೆಯ ಕೋಣೆಯಲ್ಲಿ ತಲೆಯೆತ್ತಿದರೆ ಚಾವಣಿಯಲ್ಲಿ ಮೂರು ದುಂಡಗಿನ ಗುರುತುಗಳಿವೆ, ಲೋಟದ ಬಾಯಿಯಷ್ಟು ಅಗಲ. ಕೋರ್ ತೆಗೆದ ತೂತುಗಳಿಗೆ ತುಂಬಿದ ಗಾರೆ ಸುತ್ತಲಿನ ಬಣ್ಣಕ್ಕಿಂತ ತುಸು ಕಪ್ಪಾಗಿದೆ. ಅಂಚಿನಲ್ಲಿ ಬಿರುಕಿಲ್ಲ, ತೇವವಿಲ್ಲ. ಕಳೆದ ಬಾರಿ ಹೋದಾಗ ಅವುಗಳ ಕೆಳಗೆ ಕಟ್ಟಿದ ಹಗ್ಗದ ಮೇಲೆ ಯಾರದೋ ಟವೆಲ್ ಒಣಗುತ್ತಿತ್ತು, ಮಂಚದ ಮೇಲೆ ಒಬ್ಬ ಹುಡುಗ ಮಧ್ಯಾಹ್ನದ ನಿದ್ದೆಯಲ್ಲಿದ್ದ.